ಸೈನ್ಸ್ ಡೇ ಭಾಷಣ: ಜೀನೋಮ್ ವಿವರಿಸಲು 23 ನಾಣ್ಯ

ಫೆಬ್ರವರಿ 28ಕ್ಕೆ ಬದಿಯಡ್ಕ, ಕುಂಬಳೆ ಕಡೆಯ ಶಾಲೆಗಳಲ್ಲಿ ಮಕ್ಕಳು ಭಾಷಣಕ್ಕೆ ತಯಾರಾಗುತ್ತಾರೆ. ಜೀನೋಮ್ ಅಂದರೆ ನಮ್ಮ ಜೀವಕೋಶದಲ್ಲಿರುವ ಪೂರ್ತಿ ಡಿಎನ್‌ಎ. "ಎಲ್ಲರ ಜೀನೋಮ್ ಯಾಕೆ ಬೇರೆ" ಎಂಬ ವಿಷಯ ಸಿಕ್ಕಿದರೆ ಮೂರು ನಿಮಿಷದಲ್ಲಿ ಎಲ್ಲವನ್ನೂ ಹೇಳಲು ಹೋಗಬೇಡಿ. ಒಡಹುಟ್ಟಿದವರು ಯಾಕೆ ಬೇರೆ ಎಂಬುದನ್ನೇ ಹಿಡಿಯಿರಿ.

ಮೊದಲು ಎರಡೇ ವಾಕ್ಯದಲ್ಲಿ ವಿಷಯ ಹೇಳಿ. ನಮ್ಮ ಜೀವಕೋಶದಲ್ಲಿ 23 ಜೋಡಿ ಕ್ರೋಮೋಸೋಮ್ ಇವೆ, ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಒಬ್ಬರಿಂದ ಬಂದ 23 ಕ್ರೋಮೋಸೋಮ್‌ಗಳ ಸೆಟ್ಟಿನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳಿವೆ, ಇಬ್ಬರನ್ನು ಹೋಲಿಸಿದರೆ ಸಾವಿರಕ್ಕೆ ಒಂದರಷ್ಟು ಅಕ್ಷರ ಬೇರೆ ಇರುತ್ತದೆ.

ಇನ್ನು ನಾಣ್ಯ. ಅಮ್ಮನ ಪ್ರತಿ ಜೋಡಿಯಲ್ಲೂ ಒಂದು ಅಜ್ಜಿಯಿಂದ, ಒಂದು ಅಜ್ಜನಿಂದ ಬಂದದ್ದು. ಮಗುವಿಗೆ ಅದರಲ್ಲಿ ಒಂದೇ ಹೋಗುತ್ತದೆ. ಒಂದರಿಂದ 23ರವರೆಗೆ ಬರೆದ ಎರಡು ಹಾಳೆ ತೆಗೆದುಕೊಳ್ಳಿ. ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ 'ಅಜ್ಜಿ', ಟೇಲ್ ಬಿದ್ದರೆ 'ಅಜ್ಜ' ಎಂದು ಬರೆಯಿರಿ. ಒಂದು ಹಾಳೆ ಅಕ್ಕನದು, ಇನ್ನೊಂದು ತಮ್ಮನದು. ವೇದಿಕೆಯಲ್ಲಿ ಚಿಮ್ಮುತ್ತ ನಿಂತರೆ ಸಮಯ ಮುಗಿಯುತ್ತದೆ, ಮನೆಯಲ್ಲೇ ಮಾಡಿ ಚಾರ್ಟಿನಲ್ಲಿ ತನ್ನಿ. ಸುಮ್ನೆ ಮನಸ್ಸಿಗೆ ಬಂದದ್ದು ಬರೆಯಬೇಡಿ. ಹಾಗೆ ಬರೆದರೆ ಅಜ್ಜಿ, ಅಜ್ಜ, ಅಜ್ಜಿ ಎಂದು ಜಾಸ್ತಿ ಬದಲಾಗುತ್ತದೆ. ನಿಜವಾದ ನಾಣ್ಯದಲ್ಲಿ ನಾಲ್ಕು ಸಲ ಸಾಲಾಗಿ ಒಂದೇ ಮುಖ ಬೀಳುವುದು ಮಾಮೂಲು.

ಎರಡೂ ಹಾಳೆ ಹೋಲಿಸಿ. ಸಾಮಾನ್ಯವಾಗಿ 9ರಿಂದ 14 ಸಾಲು ಹೊಂದುತ್ತವೆ, ಅಂದರೆ ಸುಮಾರು ಅರ್ಧ. 23ಕ್ಕೆ 23ಲೂ ಹೊಂದಬೇಕಾದರೆ ಎರಡನ್ನು 23 ಸಲ ಗುಣಿಸಿ: 83,88,608ರಲ್ಲಿ ಒಂದು ಸಲ. ಇದು ಅಮ್ಮನ ಕಡೆಯ ಲೆಕ್ಕ ಮಾತ್ರ, ಅಪ್ಪನ ಕಡೆಯಿಂದಲೂ ಇಂಥದ್ದೇ ಆಯ್ಕೆ ನಡೆಯುತ್ತದೆ.

ನಾಣ್ಯ ಪೂರ್ತಿ ನಿಜ ಹೇಳುವುದಿಲ್ಲ ಎಂಬುದನ್ನೂ ಸೇರಿಸಿ. ಅಂಡ ತಯಾರಾಗುವಾಗ ಅಜ್ಜಿಯ ಕ್ರೋಮೋಸೋಮೂ ಅಜ್ಜನದೂ ತುಂಡು ತುಂಡು ಅದಲುಬದಲಾಗುತ್ತವೆ. ಜೊತೆಗೆ, ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಹೊಸ ಅಕ್ಷರ ಬದಲಾವಣೆಗಳು ಪ್ರತಿ ಮಗುವಿನಲ್ಲೂ ಹತ್ತಾರು ಇರುತ್ತವೆ. ಡಿಎನ್‌ಎ ನಕಲಾಗುವಾಗ ಉಳಿದುಹೋದ ತಪ್ಪುಗಳಿವು. ಹೆಚ್ಚಿನವು ಅಪ್ಪನ ಕಡೆಯಿಂದ ಬರುತ್ತವೆ, ಏಕೆಂದರೆ ವೀರ್ಯಾಣು ಕೊಡುವ ಕೋಶಗಳು ಜೀವನಪೂರ್ತಿ ವಿಭಜನೆಯಾಗುತ್ತ ಇರುತ್ತವೆ. ಬಹುಪಾಲು ಬದಲಾವಣೆಗಳಿಂದ ಏನೂ ಆಗುವುದಿಲ್ಲ.

ಒಂದು ಮಾತಿನಲ್ಲಿ ಎಚ್ಚರ ಇರಲಿ. ನಮ್ಮ ಕ್ಲಾಸುಗಳಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ ಮನೆಮಾತಿನವರು ಒಟ್ಟಿಗೆ ಕೂರುತ್ತಾರೆ. "ಇವರ ಜೀನ್ ಬೇರೆ, ಅವರದು ಬೇರೆ" ಎಂದು ಹೇಳಬೇಡಿ. ಮನುಷ್ಯರ ಜೀನೋಮ್ ವ್ಯತ್ಯಾಸದ ದೊಡ್ಡ ಪಾಲು ಒಂದೇ ಸಮುದಾಯದ ಜನರ ನಡುವೆಯೇ ಇರುತ್ತದೆ. ಸಹಪಾಠಿಗಳ ಮುಖವನ್ನು ಅವರ ಅಪ್ಪ ಅಮ್ಮನ ಜೊತೆ ಹೋಲಿಸಿ ಉದಾಹರಣೆ ಕೊಡುವುದೂ ಬೇಡ. ದತ್ತು ಮಕ್ಕಳಿಗೆ ಅದರಿಂದ ನೋವಾಗಬಹುದು.

ಕೊನೆಗೆ "ಅವಳಿಗಳು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಬೇರೆ ಅಂಡದಿಂದ ಬಂದ ಅವಳಿಗಳು ಬರೀ ಅಕ್ಕ ತಂಗಿಯರ ಹಾಗೆ, ಅವರಿಗೆ ಎರಡು ಹಾಳೆ. ಒಂದೇ ಭ್ರೂಣ ಒಡೆದು ಇಬ್ಬರಾದವರಿಗೆ ಒಂದೇ ಹಾಳೆ. ಆದರೂ ಒಡೆದ ಮೇಲೆ ಕೋಶಗಳು ವಿಭಜನೆಯಾಗುವಾಗ ಕೆಲವು ಅಕ್ಷರ ಬದಲಾಗಿರಬಹುದು.