ಮನೆಒಕ್ಕಲಿಗೆ ಗಡಿಯಾರದ ಬದಲು ಪರದೆ

ಬದಿಯಡ್ಕದ ಹತ್ತಿರ ಒಂದು ಮನೆಒಕ್ಕಲಿಗೆ ನಾನು ಗೋಡೆ ಗಡಿಯಾರ ಕೊಟ್ಟಿದ್ದೆ. ಆ ದಿನ ಅಲ್ಲಿಗೆ ಬಂದದ್ದು ಒಟ್ಟು ಐದು ಗಡಿಯಾರ. ಒಂದು ವರ್ಷ ಕಳೆದು ಹೋದಾಗ ನನ್ನದು ಅಟ್ಟದಲ್ಲಿ, ಪ್ಯಾಕೆಟ್ಟಿನಲ್ಲೇ ಇತ್ತು. ಬೇಜಾರೇನೂ ಆಗಲಿಲ್ಲ, ಆದರೆ ಒಂದು ವಿಷಯ ಹೊಳೆಯಿತು. ಅಂಗಡಿಯಿಂದ ನೇರ ಎತ್ತಿಕೊಂಡು ಬರಬಹುದಾದ್ದನ್ನು ಎಲ್ಲರೂ ತರುತ್ತಾರೆ. ಅಳತೆ ಬೇಕಾದ್ದನ್ನು ಯಾರೂ ತರುವುದಿಲ್ಲ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ನನಗೆ ಅಳತೆ ಕಷ್ಟವಲ್ಲ. ಹಾಗಾಗಿ ಈಗ ಹತ್ತಿರದವರಿಗೆಲ್ಲ ಕಿಟಕಿ ಪರದೆ ಕೊಡುತ್ತೇನೆ.

ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮನ ಮಗ ಅಣ್ಣನ ಮನೆ ಎದ್ದಿತು. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಒಕ್ಕಲು ಆಗಬೇಕೆಂದು ಅವಸರ. ಪೇಂಟಿಂಗ್ ನಡೆಯುವಾಗ ಸುಮ್ನೆ ನೋಡಲು ಹೋದಂತೆ ಹೋದೆ. ಮೊದಲು ನೋಡಿದ್ದು ಕಿಟಕಿಯನ್ನಲ್ಲ, ಸೀಲಿಂಗನ್ನು. ಜಿಪ್ಸಮ್ ಸೀಲಿಂಗ್ ಮಾಡಿ, ಕಿಟಕಿಯ ಮೇಲೆ ಉದ್ದಕ್ಕೆ ಸಂದು ಬಿಟ್ಟಿದ್ದರೆ ಪರದೆಯ ಲೆಕ್ಕ ಆಗಲೇ ಆಗಿದೆ ಅಂತ ಅರ್ಥ. ಇಂಟೀರಿಯರ್‌ನವರ ಗುತ್ತಿಗೆಯಲ್ಲಿ ಅದೂ ಸೇರಿರುತ್ತದೆ. ಅಣ್ಣನ ಮನೆಯಲ್ಲಿ ಅದು ಇರಲಿಲ್ಲ.

ಆಮೇಲೆ ಅತ್ತಿಗೆಯನ್ನೇ ಕೇಳಿದೆ. ಗುಟ್ಟು ಮಾಡಿ ಕೊಡುವ ಆಸೆಯನ್ನು ನಾನು ಬಿಟ್ಟಿದ್ದೇನೆ.

"ಅತ್ತಿಗೇ, ಹಳೇ ಮನೆಯ ಪರದೆಗಳನ್ನು ಇಲ್ಲಿಗೆ ತರ್ತೀರಾ?"

"ತರಬೇಕು ಅಂತಿದ್ದೆ. ಇಲ್ಲಿನ ಕಿಟಕಿಗೆ ಅವು ಅರ್ಧಕ್ಕೂ ಬರುವುದಿಲ್ಲ ಮಾರಾಯ್ತಿ. ಸದ್ಯಕ್ಕೆ ಸೀರೆ ಕಟ್ಟುವುದು."

ತವರಿನವರು ಏನು ಕೊಡುತ್ತಾರೆ ಅಂತಲೂ ಕೇಳಿದೆ. ಕಾಲುದೀಪ, ಮಿಕ್ಸಿ. ಅಂದರೆ ಪರದೆಗೆ ದಾರಿ ಖಾಲಿ.

ಚಾವಡಿಯ ಎರಡು ಕಿಟಕಿಗಳನ್ನು ಆರಿಸಿಕೊಂಡೆ. ನಮ್ಮ ಕಡೆಯ ಮೂರು ಬಾಗಿಲಿನ ಮರದ ಕಿಟಕಿ, ಚೌಕಟ್ಟಿನ ಅಗಲ 60 ಇಂಚು, ಎತ್ತರ 54. ರಾಡ್ ಎರಡೂ ಬದಿಗೆ ಆರಾರು ಇಂಚು ಹೊರಗೆ ಬರಬೇಕು, ಇಲ್ಲದಿದ್ದರೆ ಪರದೆ ಸರಿಸಿದಾಗಲೂ ಅರ್ಧ ಕಿಟಕಿ ಮುಚ್ಚಿರುತ್ತದೆ. ಹಾಗಾಗಿ ರಾಡ್ 72 ಇಂಚು. ನೆರಿಗೆ ಚಂದ ಬೀಳಲು ಬಟ್ಟೆ ಅದರ ಎರಡು ಪಟ್ಟು, 144 ಇಂಚು. ಬಟ್ಟೆಯ ಪನ್ನ 48 ಇಂಚು ಇದ್ದರೆ ಮೂರು ತುಂಡು. ಎರಡು ಪರದೆಗೆ ಒಂದೂವರೆ ತುಂಡಿನಂತೆ ಹಂಚಿ, ಅರ್ಧ ತುಂಡನ್ನು ಗೋಡೆಯ ಬದಿಗೆ ಬರುವಂತೆ ಸೇರಿಸಿದೆ. ಆಗ ಜೋಡಣೆ ಕಣ್ಣಿಗೆ ಬೀಳುವುದಿಲ್ಲ.

ಉದ್ದ ಹೀಗೆ: ಕಿಟಕಿ 54, ಮೇಲೆ 6, ಕೆಳಗೆ 8, ಮಡಚಲು 10, ಕುಗ್ಗಲು 3. ಒಟ್ಟು 81 ಇಂಚು. ಮೂರು ತುಂಡಿಗೆ 243, ಅಂದರೆ ಒಂದು ಕಿಟಕಿಗೆ ಆರೂಕಾಲು ಮೀಟರ್. ಕಾಟನ್ ಬಟ್ಟೆಯನ್ನು ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿದೆ. ಹೊಲಿದ ಮೇಲೆ ಕುಗ್ಗಿದರೆ ಮಾಡಲು ಏನೂ ಉಳಿಯುವುದಿಲ್ಲ.

ನೆಲ ಮುಟ್ಟುವ ಪರದೆ ನೋಡಲು ಚಂದ, ಅಲ್ವಾ? ಅದರಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಕುಂಬಳೆಯ ಗೆಳತಿಯ ಮನೆಯಲ್ಲಿ ಟೈಲ್ಸ್ ಹಾಕುವ ಮೊದಲೇ ಅಳತೆ ತೆಗೆದೆ. ಸಿಮೆಂಟು, ಟೈಲ್ಸ್ ಸೇರಿ ನೆಲ ಎರಡು ಇಂಚು ಮೇಲೆ ಬಂತು, ಪರದೆ ನೆಲ ಗುಡಿಸಿತು. ಕೊನೆಗೆ ಎಲ್ಲ ಬಿಚ್ಚಿ ಕೆಳಗಿನ ಅಂಚು ಮತ್ತೆ ಹೊಲಿದೆ. ಈಗ ಟೈಲ್ಸ್ ಆಗದೆ ಟೇಪು ಹಿಡಿಯುವುದಿಲ್ಲ. ಪ್ರತಿ ಕಿಟಕಿಯನ್ನೂ ಬೇರೆ ಬೇರೆ ಅಳೆಯುತ್ತೇನೆ. ಅಣ್ಣನ ಮನೆಯ ಎರಡನೇ ಕಿಟಕಿಯೂ ಒಂದೂವರೆ ಇಂಚು ಗಿಡ್ಡ ಇತ್ತು.

ಬಟ್ಟೆ ಯಾವುದು ಅನ್ನುವುದಕ್ಕೆ ನಮ್ಮ ಮಳೆಯೇ ಉತ್ತರ. ಬೆಳಕು ತಡೆಯುವ ದಪ್ಪ ಬಟ್ಟೆ ಆಟಿ ತಿಂಗಳಲ್ಲಿ ಒಗೆದರೆ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ, ಕಪ್ಪು ಚುಕ್ಕೆ ಏಳುತ್ತದೆ. ಮಲಗುವ ಕೋಣೆಗೆ ಬೇಕೇ ಬೇಕು ಅಂದರೆ ಸರಿ. ಚಾವಡಿಗೆ ತೆಳು ಕಾಟನ್ ಸಾಕು. ಬಣ್ಣ ಮಾತ್ರ ನಾನು ಆರಿಸಲಿಲ್ಲ. ಮೂರು ತುಂಡು ಸ್ಯಾಂಪಲ್ ಒಯ್ದು ಗೋಡೆಗೆ ಹಿಡಿದೆ, ಅತ್ತಿಗೆ ಇಟ್ಟಿಗೆ ಬಣ್ಣ ತೋರಿಸಿದರು.

ಮೇಲೆ ರಿಂಗ್ ಹಾಕುವಾಗ ಲೆಕ್ಕ ಸಮಸಂಖ್ಯೆ ಇರಬೇಕು. ನಾನು ಒಂದೊಂದು ಪರದೆಗೆ ಹತ್ತು ಹಾಕಿದೆ. ಬೆಸ ಆದರೆ ಒಂದು ತುದಿ ಗೋಡೆಯತ್ತ, ಇನ್ನೊಂದು ತುದಿ ಕೋಣೆಯತ್ತ ತಿರುಗಿ ನಿಲ್ಲುತ್ತದೆ.

ರಾಡನ್ನೂ ನಾನೇ ಕೊಟ್ಟೆ, ಆದರೆ ತೂತು ಕೊರೆಯುವ ಕೆಲಸ ಮನೆಯವರಿಗೇ ಬಿಟ್ಟೆ. ಕಿಟಕಿಯ ಮೇಲೆ ಇರುವುದು ಕೆಂಪುಕಲ್ಲಲ್ಲ, ಕಾಂಕ್ರೀಟಿನ ಲಿಂಟಲ್. ಸಾಮಾನ್ಯ ಡ್ರಿಲ್ ಅಲ್ಲಿ ಸುಮ್ನೆ ತಿರುಗುತ್ತದೆ, ಹೊಡೆದು ಕೊರೆಯುವ ಡ್ರಿಲ್ಲೇ ಬೇಕು. ಕರೆಂಟಿನ ಪೈಪು ಎಲ್ಲಿ ಹೋಗಿದೆ ಅಂತ ಗೊತ್ತಿರುವುದು ವಯರಿಂಗ್ ಮಾಡಿದವನಿಗೆ. ಅವನೇ ಒಕ್ಕಲಿನ ಹಿಂದಿನ ಸಂಜೆ ಬಂದು ಸಿಕ್ಕಿಸಿ ಹೋದ. ಮರುದಿನ ಹೋಮದ ಹೊಗೆಗೆ ಪರದೆ ಸರಿಸಿ ಕಿಟಕಿ ತೆರೆದಿಟ್ಟಿದ್ದರು. ಉಡುಗೊರೆಯ ಮೇಜಿನ ಮೇಲೆ ಆಗಲೇ ಮೂರು ಗಡಿಯಾರ ಕೂತಿದ್ದವು.