ರಾತ್ರಿಯ ಗಂಜಿಯ ಬಗ್ಗೆ ಅಪ್ಪನಿಗೊಂದು ಪತ್ರ

ತೀರ್ಥರೂಪ ಅಪ್ಪನಿಗೆ, ಕಾರವಾರದಿಂದ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ರಕ್ತಪರೀಕ್ಷೆಯ ಚೀಟಿಯನ್ನು ಮತ್ತೊಮ್ಮೆ ನೋಡಿದೆ. ಬರಿಹೊಟ್ಟೆಯ ಸಕ್ಕರೆ 112, ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 6.1. ಮೊದಲನೆಯದು 100ರಿಂದ 125ರವರೆಗೆ, ಎರಡನೆಯದು 5.7ರಿಂದ 6.4ರವರೆಗೆ ಇದ್ದರೆ ಮಧುಮೇಹ ಇನ್ನೂ ಬಂದಿಲ್ಲ, ಬರುವ ದಾರಿಯಲ್ಲಿದೆ ಎಂದರ್ಥ. ಡಾಕ್ಟರು ಮಾತ್ರೆ ಬರೆಯದೆ, ದಿನವೂ ನಡೆಯಿರಿ, ರಾತ್ರಿ ಹಗುರವಾಗಿ ಉಣ್ಣಿರಿ ಎಂದಷ್ಟೇ ಹೇಳಿದ್ದಾರೆ. ಆದರೆ ಆ ‘ಹಗುರ’ ಎಂಬ ಮಾತು ನಮ್ಮ ಮನೆಯಲ್ಲಿ ನುಚ್ಚಿನ ಗಂಜಿಯಾಗಿಬಿಟ್ಟಿರುವುದನ್ನು ಕಳೆದ ವಾರ ಶಿರಸಿಗೆ ಬಂದಾಗ ಕಂಡೆ. ಅತ್ತೆಯವರ ಸಕ್ಕರೆಯನ್ನು ಹದಿನೈದು ವರ್ಷ ನೋಡಿಕೊಂಡ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಗಂಜಿ ಹೊಟ್ಟೆಗೆ ಹಗುರವೇ ಹೊರತು ರಕ್ತಕ್ಕಲ್ಲ. ಒಡೆದ ಅಕ್ಕಿಯನ್ನು ಕರಗುವಷ್ಟು ಬೇಯಿಸಿದಾಗ ಅದರ ಹಿಟ್ಟಿನಂಶ ಬಹುಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಜೊತೆಗಿರುವುದು ಉಪ್ಪಿನಕಾಯಿ ಮಾತ್ರವಾದ್ದರಿಂದ ಅದನ್ನು ತಡೆದು ನಿಲ್ಲಿಸುವ ನಾರು, ಬೇಳೆಕಾಳು ಯಾವುದೂ ಇಲ್ಲ. ಏರಿದಷ್ಟೇ ಬೇಗ ಹಸಿವೂ ಮರಳುತ್ತದೆ. ಹತ್ತೂವರೆಗೆ ನೀವು ಮೆಲ್ಲಗೆ ಎದ್ದು ಬಾಳೆಗೊನೆಯಿಂದ ಎರಡು ಹಣ್ಣು ಕಿತ್ತುಕೊಂಡದ್ದು ನನಗೆ ಗೊತ್ತಾಗಲಿಲ್ಲ ಎಂದುಕೊಳ್ಳಬೇಡಿ.

ನಾನು ತಂದಿದ್ದ ಮೀಟರಿನಲ್ಲಿ ನೋಡಿದ್ದು ನಿಮಗೆ ನೆನಪಿರಬಹುದು. ಊಟದ ಮೊದಲ ತುತ್ತಿನಿಂದ ಸರಿಯಾಗಿ ಎರಡು ತಾಸಿಗೆ ಚುಚ್ಚಿದಾಗ 214 ಬಂದು ಆಯಿ ಗಾಬರಿಯಾದರು. ಆಗಷ್ಟೇ ಹಲಸಿನ ತೊಳೆ ಬಿಡಿಸಿ ಎದ್ದವರು ನೀವು. ಬೆರಳಿಗಂಟಿದ ಹಣ್ಣಿನ ರಸವೂ ಲೆಕ್ಕಕ್ಕೆ ಬಂದಿತ್ತು. ಸಾಬೂನಿನಿಂದ ತೊಳೆದು ಒರೆಸಿಕೊಂಡು ಮತ್ತೆ ನೋಡಿದಾಗ 178. ಮರುದಿನವೂ ಗಂಜಿಗೆ 181. ಆಮೇಲೆ ಎರಡು ರಾತ್ರಿ ಊಟ ಬದಲಿಸಿ, ಉಂಡ ಮೇಲೆ ನಡೆಸಿದಾಗ 146 ಮತ್ತು 139. ಮನೆಯ ಮೀಟರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆದ್ದರಿಂದ ಒಂದು ಅಂಕಿಯನ್ನು ಹಿಡಿದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಆದರೆ ಎರಡೆರಡು ರಾತ್ರಿ ಒಂದೇ ದಿಕ್ಕು ತೋರಿಸಿದೆ.

ಆ ಎರಡು ರಾತ್ರಿಯ ಊಟವನ್ನೇ ಆಯಿ ಮುಂದುವರಿಸಲಿ. ಮೊದಲು ಒಂದು ಬಟ್ಟಲು ಬೆಂದ ಹೆಸರುಕಾಳಿನ ಉಸುಳಿ, ಅಷ್ಟೇ ಬೆಂಡೆ ಅಥವಾ ತೊಂಡೆಕಾಯಿಯ ಪಲ್ಯ. ಅವು ಮುಗಿದ ಮೇಲೆ ಅದೇ ಬಟ್ಟಲಿನಲ್ಲಿ ಒಂದೇ ಒಂದು ಸಲ, ಒತ್ತಿ ತುಂಬದೆ, ಉದುರುದುರಾದ ಅನ್ನ. ಅದಕ್ಕೆ ಒಂದೆಲಗದ ತಂಬುಳಿ. ಅನ್ನ ಕೊನೆಗೆ ಬರುವುದು ಮುಖ್ಯ, ಏಕೆಂದರೆ ಕಾಳು, ತರಕಾರಿ ಮೊದಲೇ ಹೊಟ್ಟೆಯಲ್ಲಿದ್ದರೆ ಅನ್ನದ ಸಕ್ಕರೆ ನಿಧಾನವಾಗಿ ಏರುತ್ತದೆ. ಬೆಳಗಿನ ದೋಸೆಯ ಜೋನಿಬೆಲ್ಲದ ಜಗಳವನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಂಡಿದ್ದೇನೆ. ಊಟ ಒಂಬತ್ತೂವರೆಗೆ ಬೇಡ, ಏಳೂವರೆಗೆ ಆಗಲಿ. ರಾತ್ರಿ ಹೊತ್ತು ಏರಿದಂತೆ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗುತ್ತದೆ.

ಇನ್ನು ನಡಿಗೆ. ದಿನವಿಡೀ ತೋಟದಲ್ಲೇ ಓಡಾಡುತ್ತೇನೆ ಎನ್ನುತ್ತೀರಿ, ಆದರೆ ಪ್ರತಿ ಮರದ ಬುಡದಲ್ಲೂ ನಿಂತು ತಲೆಯೆತ್ತಿ ಅಡಿಕೆಗೊನೆ ನೋಡುವ ಓಡಾಟ ಅದು. ಮಾತನಾಡಲು ಆಗಬೇಕು, ಭಾಗವತಿಕೆ ಮಾಡಲು ಆಗಬಾರದು, ಅಷ್ಟು ಬಿರುಸಿರಲಿ. ಸಂಜೆ ಹದಿನೈದು ನಿಮಿಷ, ಊಟವಾಗಿ ಅರ್ಧ ತಾಸಿನೊಳಗೆ ಮತ್ತೆ ಹದಿನೈದು ನಿಮಿಷ ಸಾಕು. ನಡೆಯುವಾಗ ತೊಡೆ, ಮೀನಖಂಡಗಳು ರಕ್ತದ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ, ಅದಕ್ಕಾಗಿ ಉಂಡ ಮೇಲಿನ ನಡಿಗೆಗೆ ಬೆಲೆ ಹೆಚ್ಚು. ಉಂಡ ಕೂಡಲೇ ಕವಳದ ಬಟ್ಟಲು ಹಿಡಿದು ಕುಳಿತರೆ ಆ ಹೊತ್ತು ಕೈತಪ್ಪುತ್ತದೆ.

ಮಳೆ ಹಿಡಿದ ಮೇಲೆ ಅಂಗಳದಲ್ಲಿ ಹಾವಸೆ ಕಟ್ಟುತ್ತದೆ, ಅಲ್ಲಿ ಕಾಲಿಡಬೇಡಿ. ನಮ್ಮ ಉದ್ದ ಜಗುಲಿಯಲ್ಲೇ ಗಡಿಯಾರ ನೋಡಿಕೊಂಡು ಆಚೀಚೆ ನಡೆಯಿರಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಕುಳಿತು, ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಎಚ್‌ಬಿಎ1ಸಿ ಹದಿನೈದು ದಿನಕ್ಕೆ ಇಳಿಯುವಂಥದ್ದಲ್ಲ, ಹಾಗಾಗಿ ಮುಂದಿನ ಪರೀಕ್ಷೆಯನ್ನು ಮೂರು ತಿಂಗಳಾದ ಮೇಲೆ ಮಾಡಿಸೋಣ. ಅಲ್ಲಿಯವರೆಗೆ ಮೀಟರು ನಿಮ್ಮಲ್ಲೇ ಇರಲಿ. ವಾರಕ್ಕೊಂದು ರಾತ್ರಿ ನೋಡಿ, ಅಂದು ಏನು ಉಂಡಿರಿ, ಎಷ್ಟು ನಡೆದಿರಿ ಎಂಬುದನ್ನು ಅಡಿಕೆಯ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಚೌತಿಗೆ ಬಂದಾಗ ನೋಡುತ್ತೇನೆ.

ಇಂತಿ ನಿಮ್ಮ ಮಗಳು