ರೊಟ್ಟಿ ಮಾಡೋರು, ರೊಟ್ಟಿ ತಿನ್ನೋರು: ಇಬ್ರನ್ನೂ ಒಂದೇ ವಾರದಾಗ ಕೂಡಿಸೋದು ಹೆಂಗ?

ಹುಬ್ಬಳ್ಳ್ಯಾಗ ಮನ್ಯಾಗ ರೊಟ್ಟಿ ಬಡದು ಮಾರೋ ಹೆಣ್ಮಕ್ಕಳಿಗೂ, ರೊಟ್ಟಿ ಬೇಕನ್ನೋ ಮಂದಿಗೂ ನಡುವ ಒಂದು ಆನ್‌ಲೈನ್ ಸಂತಿ ಕಟ್ಟಬೇಕಂತ ಕೇಳ್ಕೊಂಡು ಬರೋರು ಇತ್ತೀಚಿಗೆ ಭಾಳ ಆಗ್ಯಾರ. ನಮ್ಮ ಪರಿಚಯದವ್ರೊಬ್ರು ಇದನ್ನ ಮಾಡಿ ಕೈ ಸುಟ್ಕೊಂಡಿದ್ದು ಹತ್ರದಿಂದ ನೋಡೀನಿ. ಕೇಶ್ವಾಪುರ, ನವನಗರ, ಗೋಕುಲ ರೋಡ್, ಹಳೇ ಹುಬ್ಬಳ್ಳಿ ಎಲ್ಲಾ ಕಡೆ ಅಡ್ಡಾಡಿ 80 ಮಂದಿ ಮಾರೋರ ಹೆಸರು ಬರ್ಕೊಂಡು, ಆಮ್ಯಾಲೆ ಆಪ್ ಬಿಟ್ರು, ಮೊದಲ್ನೇ ತಿಂಗಳು ಬಂದ ಆರ್ಡರ್ 30. ಅಂದ್ರ 50 ಮನಿಯಾಗಾದ್ರೂ ಫೋನ್ ಒಂದ್ಸಲಾನೂ ಬಾರಿಸ್ಲಿಲ್ಲ. ಎರಡ್ನೇ ತಿಂಗಳು ಆರ್ಡರ್ ಬಂದಾಗ ಮಾಡೋರೇ ಇಲ್ಲ, ಯಾಕಂದ್ರ ಅವ್ರು ಆಪ್ ತಗದು ಒಗದಿದ್ರು.

ಮೊದಲು ಒಂದು ಏರಿಯಾ, ಒಂದು ಸಾಮಾನು ಹಿಡೀರಿ. ನಾನಂತೂ ವಿದ್ಯಾನಗರ-ಶಿರೂರ ಪಾರ್ಕ್ ಅಂತೀನಿ, ಪಿಜಿಗಳೂ ಅದಾವ, ಸಂಸಾರದ ಮನಿಗಳೂ ಅದಾವ. ಸಾಮಾನು ಖಡಕ್ ರೊಟ್ಟೀನೇ ಆಗ್ಬೇಕು, ಬಿಸಿ ರೊಟ್ಟಿ ಅಲ್ಲ. ಬಿಸಿ ರೊಟ್ಟಿ ಅಂದ್ರ ಮಧ್ಯಾಹ್ನ ಒಂದಕ್ಕ ಬೇಕನ್ನೋರಿಗೆ ಹನ್ನೆರಡೂವರಿಗೆ ಒಲಿ ಮುಂದ ಯಾರರೆ ಕುಂತಿರ್ಬೇಕು, ಎರಡೂ ಕಡೆ ಮಂದಿ ಕಡಿಮಿ ಇದ್ದಾಗ ಆ ಟೈಮ್ ಕೂಡಂಗಿಲ್ಲ. ಖಡಕ್ ರೊಟ್ಟಿ ಒಣ ಡಬ್ಬ್ಯಾಗ ವಾರಗಟ್ಟಲೆ ಇರ್ತೈತಿ, ಶುಕ್ರವಾರ ಬಡದಿದ್ದು ಮುಂದಿನ ವಾರ ಹೋದ್ರೂ ನಡೀತೈತಿ. ಮಳಿಗಾಲದಾಗ ಮಾತ್ರ ಲಗೂನ ಮೆತ್ತಗಾಗ್ತಾವ, ಹಂಗಾಗಿ ಮಳಿ ನಿಂತ ಮ್ಯಾಲೆ ಶುರು ಮಾಡ್ರಿ.

ಆಮ್ಯಾಲೆ ಮಾರೋರು. ಆರು ಮಂದಿ ಸಾಕು. ಫೋನ್‌ನ್ಯಾಗ ಮಾತಾಡಿ ಸೇರಿಸ್ಕೋಬ್ಯಾಡ್ರಿ, ಮನಿಗೆ ಹೋಗ್ರಿ, ಕುಂದರ್ರಿ, ತಿಂದು ನೋಡ್ರಿ, ಫೋಟೋ ನೀವೇ ತಗೀರಿ. ಏರ್‌ಬಿಎನ್‌ಬಿ ಶುರು ಮಾಡಿದವ್ರೂ 2009ರಾಗ ನ್ಯೂಯಾರ್ಕ್‌ನ್ಯಾಗ ಮನಿ ಬಾಡಿಗಿ ಕೊಡೋರ ಬಾಗಿಲಿಗೆ ತಾವೇ ಹೋಗಿ ಫೋಟೋ ತಗದಿದ್ರು. ಉಣಕಲ್ಲಿನ ಒಬ್ಬ ಅಕ್ಕಾರ ಮನಿಗೆ ನಾನು ಹೋದಾಗ ಅವ್ರು ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಕೋತ, ಮುಖ ಎತ್ತದನ, "ಹೆಸರು ಬರ್ಕೊಂಡು ಹೋದವ್ರು ಭಾಳ ಮಂದಿ ಅದಾರ್ರಿ ಅಣ್ಣಾರ, ಆರ್ಡರ್ ತಂದವ್ರು ಒಬ್ರೂ ಇಲ್ಲ" ಅಂದ್ರು. ಅದಕ್ಕ ಹೋಗೋ ಮುಂದನ ಒಂದು ಖಾತ್ರಿ ತಗೊಂಡು ಹೋಗ್ರಿ: ನಾಲ್ಕು ವಾರ, ವಾರಕ್ಕ 60 ರೊಟ್ಟಿ, ಗಿರಾಕಿ ಬರ್ಲಿ ಬಿಡ್ಲಿ ರೊಕ್ಕ ನಾನು ಕೊಡ್ತೀನಿ. ತಿನ್ನೋ ಸಾಮಾನು ಮಾರಾಕ ಅವರಿಗೂ ನಿಮಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನ ಈ ಹಂತದಾಗನ ಮುಗಿಸ್ರಿ.

ಇನ್ನ ಎಲ್ಲಾರೂ ಎಡವೋ ಜಾಗಾ. ಖಾತ್ರಿ ಕೊಟ್ಟ ವಾರನೇ ತಗೊಳ್ಳೋರೂ ಬರ್ಬೇಕು, ತಿಂಗಳ ಬಿಟ್ಟಲ್ಲ. ಲೆಕ್ಕ ಹಾಕಿ ನೋಡೋಣ. ಆರು ಮಂದಿ, ಒಬ್ಬೊಬ್ರು ವಾರಕ್ಕ 100 ಮಾಡೋ ತಾಕತ್ತು, ಅಂದ್ರ 600. ಖಾತ್ರಿ ಕೊಟ್ಟಿದ್ದು 360. ರೊಟ್ಟಿಗೆ 7 ರೂಪಾಯಿದಂಗ ತಗೊಂಡು 9ಕ್ಕ ಮಾರ್ತೀರಿ ಅಂತ ಹಿಡೀರಿ, ವಾರಕ್ಕ ನಿಮ್ಮ ಕೈಯಿಂದ 2,520 ಹೋಗ್ತೈತಿ, ನಾಲ್ಕು ವಾರ ಒಂದು ರೊಟ್ಟೀನೂ ಮಾರಲಿಲ್ಲಂದ್ರೂ 10,080. ಇಷ್ಟು ಕಳ್ಕೊಳ್ಳಾಕ ತಯಾರಿಲ್ಲಂದ್ರ ಮಂದಿ ಕಡಿಮಿ ಮಾಡ್ರಿ, ಖಾತ್ರಿ ಬಿಡಬ್ಯಾಡ್ರಿ. ಮೊದಲ್ನೇ ವಾರ ಒಂದು ಪಿಜಿ 100, ಎಂಟು ಮನಿ 20-20, ಒಟ್ಟು 260 ಹೋದ್ವು ಅನ್ರಿ. ಉಳಿದ 100 ಡಬ್ಬ್ಯಾಗ ಇರ್ತಾವ, ಮುಂದಿನ ವಾರ ಮೊದಲು ಅವನ್ನ ಕಳಿಸ್ರಿ. ನಾಲ್ಕನೇ ವಾರಕ್ಕ ಎರಡು ಪಿಜಿ, 15 ಮನಿ ಆದ್ರ 500 ಆಯ್ತು. ಎಲ್ಲಾ ರೊಟ್ಟೀನೂ ಪಿಜಿಗೇ ಹಾಕೋದು ಸುಲಭ ಅನ್ನಸ್ತೈತಿ, ಆದ್ರ ಪರೀಕ್ಷೆ ಮುಗದು ಹುಡುಗ್ರು ಊರಿಗೆ ಹೋದ ವಾರ ಆರೂ ಮಂದಿ ಕೈ ಖಾಲಿ ಕುಂದರ್ತಾರ. ಒಬ್ಬ ಗಿರಾಕಿದು ಅರ್ಧಕ್ಕಿಂತ ಹೆಚ್ಚಾಗಬಾರ್ದು.

ಆರ್ಡರ್‌ನ್ನ ವಾರಕ್ಕ ಒಂದ್ಸಲ ಕೂಡಿಸ್ರಿ. ಬುಧವಾರ ರಾತ್ರಿ ಎಂಟಕ್ಕ ಬಂದ್, ಗುರುವಾರ ಮುಂಜಾನೆ ಯಾರಿಗೆ ಎಷ್ಟು ಅಂತ ಹಂಚೋದು, ಶುಕ್ರವಾರ ಬಡಿಯೋದು, ಶನಿವಾರ ಸಂಜೀಕ ಮುಟ್ಟಿಸೋದು. ದಿನಾ ಆರ್ಡರ್ ತಗೊಂಡ್ರ 260 ರೊಟ್ಟಿ ಆರು ದಿನಕ್ಕ ಹರಿಹಂಚಾಗಿ ಯಾರಿಗೂ ಒಲಿ ಹಚ್ಚೋವಷ್ಟು ಸಿಗಂಗಿಲ್ಲ. ಹಂಚೋ ಮುಂದ ಆರೂ ಮಂದಿಗೂ ಏನರೆ ಸಿಗಬೇಕು, ಚಲೋ ಮಾಡೋ ಒಬ್ರಿಗೇ ಎಲ್ಲಾ ಕೊಟ್ರ ಉಳಿದ ಐದು ಮಂದಿ ಖಾತ್ರಿ ಮುಗದ ದಿನಾನ ಹೋಗ್ತಾರ.

ಇದಕ್ಕ ಆಪ್ ಬ್ಯಾಡ. ರೆಡಿಮೇಡ್ ಮಾರ್ಕೆಟ್‌ಪ್ಲೇಸ್ ಆಪ್ ಅಂತ ಮಾರಾಕ ಬರ್ತಾರಲ್ಲ, ದಯಮಾಡಿ ಈ ತಿಂಗಳುಗಳಾಗ ತಗೋಬ್ಯಾಡ್ರಿ, ವಾರದ ಹಂಚಿಕಿ ಹೆಂಗ ಮಾಡ್ತೀರಿ ಅನ್ನೋದು ನಿಮಗೇ ಇನ್ನೂ ಗಟ್ಟಿ ಆಗಿರಂಗಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್, ಒಂದು ವಹಿ, ಅಷ್ಟು ಸಾಕು. ನಿಮ್ಮ ನಂಬರ್ ಸೇವ್ ಮಾಡ್ಕೊಂಡವ್ರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮುಟ್ಟತೈತಿ, ಹಂಗಾಗಿ ಮೊದಲ್ನೇ ಡೆಲಿವರಿ ದಿನಾನ ಅವರ ಮುಂದ ನಿಂತು ಸೇವ್ ಮಾಡಸ್ರಿ. ರಿಯಾಯಿತಿ ಕೂಪನ್ನೂ ಬ್ಯಾಡ. ಅರ್ಧ ರೇಟಿಗೆ ತಗೊಂಡವ್ರು ಪೂರಾ ರೇಟ್ ಕೇಳಿದ ವಾರ ಬರಂಗಿಲ್ಲ, ಆದ್ರ ಅವ್ರನ್ನ ನಂಬಿ ನೀವು ಮಾರೋರನ್ನ ಹೆಚ್ಚು ಮಾಡಿರ್ತೀರಿ.

ಪ್ಯಾಕಿಂಗ್ ಸಣ್ಣದು ಅನ್ನಸ್ತೈತಿ, ಗಿರಾಕಿ ಹೋಗೋದು ಅಲ್ಲೇ. ತೆಳ್ಳನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ ಸ್ಕೂಟಿ ಹುಕ್ಕಿಗೆ ತೂಗಹಾಕಿದ್ರ ಎರಡು ಹಂಪ್ ದಾಟೋದ್ರೊಳಗ ಚೂರು. ಹತ್ತ್ಹತ್ತರ ಕಟ್ಟು ಮಾಡಿ, ಕೆಳಗ ಮ್ಯಾಲೆ ರಟ್ಟಿನ ಬಿಲ್ಲಿ ಇಟ್ಟು ಕಾಗದ ಸುತ್ತಿ, ಡಬ್ಬ್ಯಾಗ ಅಡ್ಡಾಗಿ ಇಡ್ರಿ. ಒಡದಿದ್ದಕ್ಕ ಮುಂದಿನ ವಾರ ಪುಕ್ಕಟ ಕೊಡ್ರಿ. ಗಿರಾಕಿ ಮಾರೋರ ಮನಿ ಹುಡುಕಿ ನೇರ ತಗೊಂಡ್ರ ಏನ್ ಮಾಡೋದು ಅಂತ ಎಲ್ಲಾರೂ ಕೇಳ್ತಾರ. ನಂಬರ್ ಮುಚ್ಚಿಡೋದ್ರಿಂದ ಅದು ನಿಲ್ಲಂಗಿಲ್ಲ. ಒಡದಿದ್ದಕ್ಕ ಬದ್ಲಿ, ಪಿಜಿಗೆ ತಿಂಗಳ ಬಿಲ್, ಮಾರೋರಿಗೆ ಪ್ರತಿ ಸೋಮವಾರ ರೊಕ್ಕ, ಒಬ್ರ ಮನ್ಯಾಗ ಮದುವಿ ಇದ್ರ ಇನ್ನೊಬ್ರಿಂದ ರೊಟ್ಟಿ, ಇವು ನಾಲ್ಕೂ ನಡುವ ನೀವಿದ್ರ ಮಾತ್ರ ಸಿಗ್ತಾವ.

ಎಳ್ಳ ಅಮಾಸಿ, ಸಂಕ್ರಾಂತಿ ವಾರ ಬ್ಯಾರೇನ ಲೆಕ್ಕ. ಸಜ್ಜಿ ರೊಟ್ಟಿ ಕೇಳೋರು ಹೆಚ್ಚಾಗ್ತಾರ, ಅದೇ ವಾರ ಮಾಡೋ ಅಕ್ಕಾರು ತಮ್ಮ ಮನಿ ಹಬ್ಬದಾಗ ಇರ್ತಾರ. ಮೂರು ವಾರ ಮೊದಲೇ ಕೇಳಿ, ಎಷ್ಟು ಒಪ್ಕೊಂಡ್ರೋ ಅಷ್ಟೇ ಆರ್ಡರ್ ತಗೊಂಡು ಬಂದ್ ಮಾಡ್ರಿ.

ವಹಿಯೊಳಗ ವಾರಕ್ಕ ಮೂರೇ ಬರೀರಿ: ಆರು ಮಂದಿಯೊಳಗ ಎಷ್ಟು ಮಂದಿಗೆ ಆರ್ಡರ್ ಸಿಕ್ತು, ಹೇಳಿದ ದಿನ ಪೂರಾ ಮುಟ್ಟಿದ ಆರ್ಡರ್ ಎಷ್ಟು, ಹ್ವಾದ ವಾರದ ಗಿರಾಕಿಗಳೊಳಗ ನೀವು ಫೋನ್ ಮಾಡದನ ತಿರುಗಿ ಕೇಳಿದವ್ರು ಎಷ್ಟು. ಮೂರನೇದು ಏರ್ಲಿಲ್ಲಂದ್ರ ಮಾರೋರನ್ನ ಕೂಡಿಸಬ್ಯಾಡ್ರಿ, ತಪ್ಪು ರೊಟ್ಟ್ಯಾಗೋ ಮುಟ್ಟಿಸೋದ್ರಾಗೋ ಐತಿ, ಹೋಗಿ ತಿಂದು ನೋಡ್ರಿ. 600ರ ಪೈಕಿ 480ರ ಮ್ಯಾಲೆ ಮೂರು ವಾರ ಸತತ ಹೋದ್ರ ಇಬ್ರನ್ನ ಕೂಡಿಸ್ರಿ, ಇಬ್ರನ್ನೇ.

ಧಾರವಾಡದಿಂದ ಫೋನ್ ಬರಾಕ ಶುರು ಆಗ್ತಾವ, ಸಪ್ತಾಪುರದ ಪಿಜಿಯವ್ರು ಕೇಳೇ ಕೇಳ್ತಾರ. ಹುಬ್ಬಳ್ಳಿ ರೊಟ್ಟಿ 20 ಕಿಲೋಮೀಟರ್ ಹೊತ್ಕೊಂಡು ಹೋಗಬ್ಯಾಡ್ರಿ. ಅವರ ಹೆಸರು ವಹಿಯ ಹಿಂದಿನ ಹಾಳ್ಯಾಗ ಬರದಿಡ್ರಿ, ಆ ಹಾಳ್ಯಾಗ 15 ಮನಿ, ಎರಡು ಪಿಜಿ ಆದ ಮ್ಯಾಲೆ ಸಪ್ತಾಪುರದ ಸುತ್ತಮುತ್ತ ಹೊಸಾ ಆರು ಮಂದಿ ಅಕ್ಕಾರ ಮನಿಗೆ ಹೋಗಿ ಕುಂದರ್ರಿ.